ರೆಸಾರ್ಟ್ ಬಾಕಿ 86,000: ಮೂರು ಸಲ "ಇದೇ ಕೊನೆ" ಅಂದಾಯ್ತು, ಇನ್ನೇನ್ ಬರೀಲಿ?

ಪಣಪುಳಿ ಅಕ್ಕ
ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಹತ್ರ ನಮ್ದೊಂದು ಚಿಕ್ಕ ಯೂನಿಟ್ ಇದೆ, ಕಾಫಿ ಹುರಿದು ಪುಡಿ ಮಾಡೋದು, ಕಾಚಂಪುಳಿ ಕಾಯಿಸೋದು, ಮೆಣಸಿನ ಪುಡಿ ಪ್ಯಾಕಿಂಗ್, ನಾನು ಮತ್ತೆ ಇಬ್ಬರು ಹೆಂಗಸರು. ಮಡಿಕೇರಿ ಕಡೆ ಒಂದು ರೆಸಾರ್ಟ್‌ಗೆ ಎರಡು ವರ್ಷದಿಂದ ಕೊಡ್ತಾ ಇದೀನಿ, ಇಷ್ಟು ದಿನ ತಡ ಆದ್ರೂ ದುಡ್ಡು ಬರ್ತಿತ್ತು. ಈ ಸಲ ಎರಡು ಬಿಲ್ ನಿಂತಿದೆ. ಜೂನ್ 2ರದ್ದು 48,000, ಜೂನ್ 30ರದ್ದು 38,000. ಮೂವತ್ತು ದಿನದಲ್ಲಿ ಕೊಡ್ತೀವಿ ಅಂತ ಅವರೇ ಮೇಲ್ ಹಾಕಿದ್ರು. ಈಗ ನವೆಂಬರ್ ಬಂತು.

ಆಗಸ್ಟಲ್ಲಿ ವಾಟ್ಸಾಪ್ ಮಾಡ್ದೆ "ಸರ್ ಪೇಮೆಂಟ್ ಸ್ವಲ್ಪ ನೋಡಿ" ಅಂತ. ನೋಡೋಣ ಮೇಡಮ್, ಮಳೆ ಜಾಸ್ತಿ ಗೆಸ್ಟೇ ಇಲ್ಲ ಅಂದ್ರು. ಸೆಪ್ಟೆಂಬರಲ್ಲಿ "ಇದೇ ಕೊನೆ ಸಲ ಕೇಳೋದು" ಅಂದೆ. ಉತ್ತರ ಇಲ್ಲ. ಅಕ್ಟೋಬರಲ್ಲಿ ಮತ್ತೆ ಎರಡು ಸಲ ಅದನ್ನೇ ಹಾಕ್ದೆ, ನೀಲಿ ಟಿಕ್ ಬಿದ್ದು ಹಂಗೇ ಇದೆ. ಕೊಯ್ಲಿಗೆ ಮುಂಚೆ ಕಾಫಿ ಬೀಜಕ್ಕೆ ಅಡ್ವಾನ್ಸ್ ಕೊಡಬೇಕು, ಕೈಯಲ್ಲಿ ಕಾಸಿಲ್ಲ. ಸರಿಯಾಗಿ ಲೆಟರ್ ಬರೀಬೇಕು ಅಂತಿದೀನಿ, ಹೇಗೆ ಶುರು ಮಾಡಿ ಹೇಗೆ ಬಿಗಿ ಮಾಡ್ತಾ ಹೋಗೋದು? ಸಂಬಂಧ ಪೂರ್ತಿ ಕೆಡಿಸ್ಕೊಳ್ಳೋಕೂ ಇಷ್ಟ ಇಲ್ಲ.

ನೇರ ಮಾತು
ಲೆಟರ್ ಗಿಟರ್ ಎಲ್ಲ ಯಾಕಕ್ಕ. ಹೋಮ್‌ಸ್ಟೇ ಓನರ್ಸ್ ಗ್ರೂಪಿಗೆ ಅವ್ರ ಹೆಸ್ರು ಹಾಕಿ, ಸಂಜೆ ಒಳಗೆ ಜಿಪೇ ಆಗುತ್ತೆ.

ಗೋಣಿಕೊಪ್ಪ ಗಿರಿ
ಹಾಗೆ ಮಾಡ್ಬೇಡಿ ಅಕ್ಕ, ಮಾನನಷ್ಟ ಅಂತ ತಿರುಗಿ ನಿಮಗೇ ನೋಟಿಸ್ ಬರುತ್ತೆ. ತಾಳ್ಮೆ ಇರ್ಲಿ, ತಿಂಗಳಿಗೊಂದು ರಿಮೈಂಡರ್ ಹಾಕ್ತಾ ಇರಿ. ಪ್ರತಿ ರಿಮೈಂಡರ್‌ಗೂ ಮೂರು ವರ್ಷ ಹೊಸದಾಗಿ ಶುರು ಆಗುತ್ತೆ, ಕೇಸ್ ಹಾಕೋಕೆ ಟೈಮ್ ಎಲ್ಲೂ ಹೋಗಲ್ಲ.

ಬೆಟ್ಟದ ಮನೆ
ನನಗೂ ಬ್ಯಾಂಕಿಂದ ಇದೇ ತರ ಮೂರು ಲೆಟರ್ ಬಂದಿದೆ ಬೆಳೆ ಸಾಲದ್ದು, ಮೊದಲನೇದು ಎಷ್ಟು ಮರ್ಯಾದೆಯಾಗಿತ್ತು ಗೊತ್ತಾ, "ತಾವು ನಮ್ಮ ಗೌರವಾನ್ವಿತ ಗ್ರಾಹಕರು". ಮೂರನೇದ್ರಲ್ಲಿ ಹೆಸರಿನ ಮುಂದೆ ಶ್ರೀ ಕೂಡ ಇಲ್ಲ. ಉತ್ತರ ಕೊಡದೇ ಇದ್ರೆ ಏನಾಗುತ್ತೆ?

ಪಣಪುಳಿ ಅಕ್ಕ
ಅಣ್ಣ, ನಾನು ಕೊಡಬೇಕಾದವಳಲ್ಲ, ನನಗೆ ಬರಬೇಕಾದ್ದು!

ಬೆಟ್ಟದ ಮನೆ
ಓ ಹಾಗಾ. ನಾನು ಉಲ್ಟಾ ಓದ್ದೆ. ಆದ್ರೂ ಯಾರಾದ್ರೂ ಹೇಳಿ.

ಹಳೇ ಲೆಕ್ಕ
ಮಡಿಕೇರೀಲಿ ಇಪ್ಪತ್ತೆಂಟು ವರ್ಷ ಲೆಕ್ಕ ಬರೆದವನು, ಅದ್ರಲ್ಲಿ ಅರ್ಧ ವಸೂಲಿ ಕಾಗದಾನೇ. ಬೆಟ್ಟದ ಮನೆಯವರೇ, ನೀವು ಬ್ಯಾಂಕಿಗೆ ಹೋಗಿ ಮ್ಯಾನೇಜರ್ ಎದುರು ಕೂತ್ಕೊಳ್ಳಿ, ಅದು ಬೇರೆ ಕಥೆ.

ಮೊದಲು ಗಿರಿಯವರ ಮಾತು ಸರಿ ಮಾಡ್ಬೇಕು, ಯಾಕಂದ್ರೆ ಅದನ್ನ ನಂಬಿ ದುಡ್ಡು ಕಳ್ಕೊಂಡವರನ್ನ ನೋಡಿದೀನಿ. ನೀವು ಕಳಿಸೋ ರಿಮೈಂಡರ್‌ನಿಂದ ಕಾಲಮಿತಿ ಒಂದು ದಿನಾನೂ ಮುಂದೆ ಹೋಗಲ್ಲ. ನೂರು ಕಳಿಸಿ, ಅಷ್ಟೇ. ಕೊಡಬೇಕಾದವರು ಸಹಿ ಹಾಕಿ "ಹೌದು, ಇಷ್ಟು ಬಾಕಿ ಇದೆ" ಅಂತ ಬರೆದುಕೊಟ್ರೆ ಆ ದಿನದಿಂದ ಹೊಸ ಮೂರು ವರ್ಷ ಶುರು. 1963ರ ಲಿಮಿಟೇಷನ್ ಕಾಯ್ದೆ ಸೆಕ್ಷನ್ 18. ಅದೂ ಹಳೇ ಮೂರು ವರ್ಷ ಮುಗಿಯೋದ್ರೊಳಗೆ ಬರೆದಿರಬೇಕು. ಅಂದ್ರೆ ಬೆಲೆ ಇರೋದು ನಮ್ಮ ಕಾಗದಕ್ಕಲ್ಲ, ಅದಕ್ಕೆ ಅವರು ಕೊಡೋ ಉತ್ತರಕ್ಕೆ. ಉತ್ತರ ಬರೋ ಹಾಗೆ ಬರೆಯೋದೇ ಈ ಕೆಲಸದ ಗುಟ್ಟು.

ಮೇಡಮ್, ನಿಮ್ಮ ನಾಲ್ಕೂ ಮೆಸೇಜ್ ಒಂದೇ ಕೆಲಸ ಮಾಡ್ತಿವೆ, ದುಡ್ಡು ಕೊಡಿ ಅನ್ನೋದು. ಯಾವ ಬಿಲ್ಲು, ಎಷ್ಟು, ಯಾವತ್ತಿನೊಳಗೆ, ಒಂದೂ ಇಲ್ಲ. ಮೇಲಿಂದ "ಇದೇ ಕೊನೆ" ಅಂತ ಮೂರು ಸಲ ಅಂದು ಏನೂ ಮಾಡ್ಲಿಲ್ಲ, ಈಗ ನಿಮ್ಮ ಕೊನೆ ಅನ್ನೋ ಪದಕ್ಕೆ ಅಲ್ಲಿ ಬೆಲೆ ಇಲ್ಲ. ಒಂದು ವಿಷಯ ಕೇಳ್ತೀನಿ: ಬಿಲ್ಲು ಯಾರ ಕೈಗೆ ಕೊಟ್ರಿ?

ಪಣಪುಳಿ ಅಕ್ಕ
ಕಿಚನ್ ಸ್ಟೋರ್‌ನಲ್ಲಿ ಇರೋ ಹುಡುಗನ ಕೈಗೆ, ಮಾಲಿನ ಜೊತೆಗೇ. ವಾಟ್ಸಾಪ್ ಮಾಡೋದು ಎಫ್‌ಅಂಡ್‌ಬಿ ಮ್ಯಾನೇಜರ್‌ಗೆ.

ಹಳೇ ಲೆಕ್ಕ
ಅದೇ ಅಂದ್ಕೊಂಡೆ. ಅವರಿಬ್ಬರೂ ಚೆಕ್ ಬರೆಯೋರಲ್ಲ. ಇಲ್ಲಿನ ರೆಸಾರ್ಟ್‌ಗಳಲ್ಲಿ ಸುಮಾರು ಕಡೆ ಅಕೌಂಟ್ಸ್ ಬೆಂಗಳೂರಲ್ಲಿರುತ್ತೆ. ಅಲ್ಲಿನವರಿಗೆ ಬಿಲ್ಲು, ಆರ್ಡರ್ ನಂಬರು, ಮಾಲು ಸೇರ್ತು ಅಂತ ಸ್ಟೋರ್‌ನವರ ಚೀಟಿ, ಮೂರೂ ಒಟ್ಟಿಗೆ ಸಿಗದಿದ್ರೆ ಅದು ಕಂಪ್ಯೂಟರಿಗೇ ಏರಲ್ಲ. ಆಗ ಅವರ ಲೆಕ್ಕದಲ್ಲಿ ನಿಮಗೆ ಬಾಕೀನೇ ಇಲ್ಲ! ಅದಕ್ಕೇ ಮೊದಲನೇ ಕಾಗದದಲ್ಲಿ ದುಡ್ಡಿಗಿಂತ ಬಿಲ್ಲು ಸೇರಿದ್ಯಾ ಅಂತ ಕೇಳೋದು ಮುಖ್ಯ. ಮೇಲ್‌ನಲ್ಲಿ ಅಕೌಂಟ್ಸ್‌ಗೆ ಹಾಕಿ, ಮ್ಯಾನೇಜರ್‌ಗೆ ಒಂದು ಕಾಪಿ. ಹೀಗೆ:

"ನಮಸ್ಕಾರ. ಜೂನ್ 2ರ ಬಿಲ್ ಸಂಖ್ಯೆ ಇಷ್ಟು, ರೂ. 48,000, ಮತ್ತು ಜೂನ್ 30ರ ಬಿಲ್ ಸಂಖ್ಯೆ ಇಷ್ಟು, ರೂ. 38,000, ಇವುಗಳ ಪ್ರತಿ ಲಗತ್ತಿಸಿದ್ದೇನೆ. ಮೊದಲನೆಯದರ ಅವಧಿ ಜುಲೈ 2ಕ್ಕೆ, ಎರಡನೆಯದರದ್ದು ಜುಲೈ 30ಕ್ಕೆ ಮುಗಿದಿದೆ. ಬಿಲ್ಲುಗಳು ತಮ್ಮ ಲೆಕ್ಕದಲ್ಲಿ ದಾಖಲಾಗಿವೆಯೇ, ಯಾವುದಾದರೂ ಕಾಗದ ಕಡಿಮೆ ಇದೆಯೇ ಎಂದು ಶುಕ್ರವಾರದೊಳಗೆ ತಿಳಿಸಿ. ಈಗಾಗಲೇ ಹಣ ಕಳಿಸಿದ್ದರೆ ಕಳಿಸಿದ ದಿನಾಂಕ ತಿಳಿಸಿದರೆ ಸಾಕು."

ಇಷ್ಟೇ. ಕಷ್ಟ ಸುಖ ಏನೂ ಬೇಡ. ಬೀಜಕ್ಕೆ ಅಡ್ವಾನ್ಸ್ ಕೊಡಬೇಕು ಅಂತ ಅವರಿಗೆ ಹೇಳಿದ್ರೆ, ನೀವು ಕಡಿಮೆಗೆ ಒಪ್ಕೊಳ್ತೀರ ಅಂತ ಅವರಿಗೆ ಗೊತ್ತಾಗುತ್ತೆ.

ಗೋಣಿಕೊಪ್ಪ ಗಿರಿ
ಸರಿ ಸರ್, ನಮ್ಮ ಲಾಯರ್ ಯಾವಾಗ್ಲೋ ಹೇಳಿದ್ದು ಅರ್ಧ ನೆನಪಿತ್ತು. ಆದ್ರೆ ಐದು ತಿಂಗಳು ಕಾದ ಮೇಲೂ ಇಷ್ಟು ಮೆತ್ತಗಾ? ನಾನಾದ್ರೆ ನೇರ ಮೂರನೇ, ಕೊನೇ ಲೆಟರ್‌ಗೇ ಹೋಗ್ತಿದ್ದೆ.

ಹಳೇ ಲೆಕ್ಕ
ಮೆತ್ತಗಲ್ಲ ಗಿರಿಯವರೇ, ಅದು ಬೇಲಿ ಮುಚ್ಚೋ ಕೆಲಸ. ನಾಳೆ ಸಣ್ಣ ಉದ್ಯಮಗಳ ಬಾಕಿ ತಕರಾರು ಕೇಳೋ ಕೌನ್ಸಿಲ್ ಮುಂದೆ "ನಮಗೆ ಬಿಲ್ಲೇ ಬಂದಿಲ್ಲ ಸ್ವಾಮಿ" ಅಂತ ಅವರು ಓಡಿಹೋಗೋ ದಾರಿ ಇವತ್ತೇ ಮುಚ್ಚಿರಬೇಕು. ತಡ ಆಗಿದೆ ಅಂತ ಅಂತರ ಕಡಿಮೆ ಮಾಡಿ, ಮೆಟ್ಟಿಲು ಬಿಡಬೇಡಿ.

ಕುಶಾಲನಗರ ಪೈಪ್ಸ್
ನನ್ನ ಕಥೆ ಕೇಳಿ. ಸ್ಪ್ರಿಂಕ್ಲರ್ ಪೈಪು, ಮೋಟಾರು ಮಾರೋ ಅಂಗಡಿ ನಂದು. ಒಬ್ಬ ಎಸ್ಟೇಟ್‌ನವರು 1.2 ಲಕ್ಷದ ಚೆಕ್ ಕೊಟ್ರು, ಬೌನ್ಸ್ ಆಯ್ತು. ಪರಿಚಯದವರು, ಹುತ್ತರಿಗೆ ಊಟಕ್ಕೆ ಕರೆಯೋರು, ಹೇಗೆ ಒಂದೇ ಸಲ ನೋಟಿಸ್ ಕೊಡೋದು ಅಂತ ನಾನೂ ಹೀಗೇ ಮೊದಲು ನಯವಾದ ಲೆಟರ್, ಆಮೇಲೆ ಸ್ವಲ್ಪ ಖಾರದ ಲೆಟರ್, ಆಮೇಲೆ ಇನ್ನೊಂದು. ಮೂರನೇದು ಹೋಗೋ ಹೊತ್ತಿಗೆ ಐವತ್ತು ದಿನ. ಲಾಯರ್ ಹತ್ರ ಹೋದ್ರೆ, ಬ್ಯಾಂಕಿಂದ ಬೌನ್ಸ್ ಮೆಮೋ ಕೈಗೆ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕಿತ್ತು, ನೀವು ಪ್ರೇಮಪತ್ರ ಬರೀತಾ ಕೂತಿದ್ರಾ ಅಂದ್ರು.

ಕೋರ್ಟ್ ರಸ್ತೆ
ಚೆಕ್ಕಿನ ತಾರೀಕಿಂದ ಮೂರು ತಿಂಗಳು ಆಗಿರ್ಲಿಲ್ಲ ಅಂದ್ರೆ ಮತ್ತೆ ಬ್ಯಾಂಕಿಗೆ ಹಾಕಬಹುದಿತ್ತು ಅಲ್ವಾ? ಮತ್ತೆ ಬೌನ್ಸ್ ಆದ್ರೆ ಹೊಸದಾಗಿ 30 ದಿನ ಸಿಗುತ್ತೆ.

ಕುಶಾಲನಗರ ಪೈಪ್ಸ್
ಅದನ್ನೇ ಮಾಡಿಸಿದ್ರು, ಹನ್ನೆರಡು ದಿನ ಬಾಕಿ ಇತ್ತು. ಮತ್ತೆ ಬೌನ್ಸ್, ಆವಾಗ ವಾರದೊಳಗೆ ನೋಟಿಸ್. ಅದು ಸೇರಿ 15 ದಿನದೊಳಗೆ ಕೊಡಬೇಕು ಅಂತ ಇರುತ್ತಲ್ಲ, ಹದಿಮೂರನೇ ದಿನ ಬಂತು. ಈಗ ಹುತ್ತರಿಗೆ ಕರೆಯಲ್ಲ.

ನೇರ ಮಾತು
ಊಟ ಹೋದ್ರೆ ಹೋಗ್ಲಿ ಬಿಡಿ ಸಾರ್.

ಕುಶಾಲನಗರ ಪೈಪ್ಸ್
ಅವ್ರ ಮನೆ ಕಡುಬು ಪಂದಿ ಕರಿ ತಿಂದಿದ್ರೆ ಹಾಗನ್ನಲ್ಲ ನೀವು.

ಹಳೇ ಲೆಕ್ಕ
ಪೈಪ್ಸ್‌ನವರು ಹೇಳಿದ್ದು ದೊಡ್ಡ ಮಾತು. ಚೆಕ್ ಬೌನ್ಸ್ ಆದ ದಿನ ಈ ಮೆಟ್ಟಿಲು ಆಟ ನಿಲ್ಲಿಸ್ಬೇಕು. ನಯವಾದ ಕಾಗದ ಎಲ್ಲ ಚೆಕ್ ಇಲ್ಲದ ಬಾಕಿಗೆ.

ಪಣಪುಳಿ ಅಕ್ಕ
ಚೆಕ್ ಕೊಟ್ಟಿಲ್ಲ, ಯಾವಾಗ್ಲೂ ಎನ್‌ಇಎಫ್‌ಟಿ. ಮೊದಲನೇ ಮೇಲ್ ಇವತ್ತು ಕಳಿಸ್ದೆ ಸರ್, ನೀವು ಬರೆದ ಹಾಗೇ. ಉದ್ಯಮ್ ರಿಜಿಸ್ಟ್ರೇಷನ್ ಇದೆ, 2022ದು, ಸೂಕ್ಷ್ಮ ಉದ್ಯಮ ಅಂತ. ಅದು ಏನಾದ್ರೂ ಉಪಯೋಗಕ್ಕೆ ಬರುತ್ತಾ?

ಕುಶಾಲನಗರ ಪೈಪ್ಸ್
ನಂಗೂ ಉದ್ಯಮ್ ಇದೆ! 45 ದಿನದ ರೂಲು ನಮಗೂ ಬರುತ್ತಲ್ವಾ?

ಹಳೇ ಲೆಕ್ಕ
ಪೈಪ್ಸ್‌ನವರೇ, ನಿಮಗೆ ಇಲ್ಲ. ತಂದು ಮಾರೋ ವ್ಯಾಪಾರಿಗಳಿಗೆ 2021ರಲ್ಲಿ ಉದ್ಯಮ್ ಕೊಟ್ಟಿದ್ದು ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ, ತಡ ಪಾವತಿಯ ರಕ್ಷಣೆ ಅದ್ರಲ್ಲಿ ಸೇರಿಲ್ಲ. ಮೇಡಮ್ ಅವರು ಹುರಿದು, ಪುಡಿ ಮಾಡಿ, ಕಾಯಿಸಿ ಮಾಡೋರು, ತಯಾರಕರು, ಅದೂ ಮಾಲು ಕೊಡೋಕೆ ಮುಂಚೇನೇ ರಿಜಿಸ್ಟರ್ ಆಗಿದಾರೆ. ಅವರಿಗೆ ಇದೆ.

ಸಣ್ಣ ಉದ್ಯಮಗಳಿಗೆ ಇರೋ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಬರವಣಿಗೆಯಲ್ಲಿ ಒಪ್ಪಿದ ದಿನದೊಳಗೆ ಕೊಡಬೇಕು, ಒಪ್ಪಂದ ಏನೇ ಇದ್ರೂ 45 ದಿನ ದಾಟೋ ಹಾಗಿಲ್ಲ. ದಾಟಿದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಅಸಲಿಗೆ ಸೇರಿಸ್ತಾ ಹೋಗೋ ಚಕ್ರಬಡ್ಡಿ. 2025ರ ನವೆಂಬರಲ್ಲಿ ಬ್ಯಾಂಕ್ ದರ ನೂರಕ್ಕೆ 5.75, ಮೂರು ಪಟ್ಟು ಅಂದ್ರೆ 17.25. ತಿಂಗಳಿಗೆ 1.4375. ನಿಮ್ಮ 48,000ಕ್ಕೆ ಜುಲೈ 2ರಿಂದ ನವೆಂಬರ್ 2ರವರೆಗೆ ನಾಲ್ಕು ತಿಂಗಳು, ಸುಮಾರು 2,820. 38,000ಕ್ಕೆ ಜುಲೈ 30ರಿಂದ ಅಕ್ಟೋಬರ್ 30ಕ್ಕೆ ಮೂರು ತಿಂಗಳು, ಸುಮಾರು 1,660. ಒಟ್ಟು ನಾಲ್ಕೂವರೆ ಸಾವಿರದ ಹತ್ರ.

ನೋಡಿ, ಈ ನಾಲ್ಕೂವರೆ ಸಾವಿರಕ್ಕೆ ಯಾವ ರೆಸಾರ್ಟೂ ಹೆದರಲ್ಲ. ಅವರ ಆಡಿಟರ್ ಹೆದರೋದು ಬೇರೆ ಕಡೆ. ನಿಮ್ಮಂತ ಸೂಕ್ಷ್ಮ, ಸಣ್ಣ ಉದ್ಯಮದ ಬಿಲ್ಲು ಅವಧಿ ದಾಟಿ ಮಾರ್ಚ್ 31ಕ್ಕೂ ಬಾಕಿ ನಿಂತ್ರೆ ಆ ವರ್ಷದ ಖರ್ಚು ಅಂತ ಆದಾಯ ತೆರಿಗೇಲಿ ತೋರಿಸೋ ಹಾಗಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. 1961ರ ಆದಾಯ ತೆರಿಗೆ ಕಾಯ್ದೇಲಿ ಅದು 43ಬಿ(ಎಚ್). ಅದಕ್ಕೇ ಎರಡನೇ ಕಾಗದದಲ್ಲಿ ಉದ್ಯಮ್ ನಂಬರು ಹಾಕಿ, ಸರ್ಟಿಫಿಕೇಟ್ ಲಗತ್ತಿಸಿ. ಬೆದರಿಕೆ ಮಾತು ಬೇಡ, ಅವರ ಆಡಿಟರ್ ಕಣ್ಣಿಗೆ ಬಿದ್ರೆ ಸಾಕು.

ಗೋಣಿಕೊಪ್ಪ ಗಿರಿ
ಜಿಎಸ್‌ಟೀನೂ ಇದೆ ಸರ್, 180 ದಿನದಲ್ಲಿ ದುಡ್ಡು ಕೊಡದಿದ್ರೆ ಅವರು ತಗೊಂಡ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ವಾಪಸ್ ಕಟ್ಟಬೇಕು. ಇದು ಸರೀನಾ ಅಥವಾ ಇದೂ ಅರ್ಧಾನಾ?

ಹಳೇ ಲೆಕ್ಕ
ರೂಲು ಸರಿ ಇದೆ. ಆದ್ರೆ ಬಿಲ್ಲಲ್ಲಿ ಜಿಎಸ್‌ಟಿ ಹಾಕಿದ್ರೆ ಮಾತ್ರ ಉಪಯೋಗ.

ಪಣಪುಳಿ ಅಕ್ಕ
ನಮ್ದು ವರ್ಷಕ್ಕೆ 40 ಲಕ್ಷದ ಹತ್ರಕ್ಕೂ ಹೋಗಲ್ಲ, ಜಿಎಸ್‌ಟಿ ಇಲ್ಲ.

ಗೋಣಿಕೊಪ್ಪ ಗಿರಿ
ಇದೂ ಅರ್ಧ ಹಾಗಾದ್ರೆ 😄

ಪಣಪುಳಿ ಅಕ್ಕ
ಅಪ್‌ಡೇಟ್! ಬೆಂಗಳೂರಿಂದ ಅಕೌಂಟ್ಸ್ ಹುಡುಗಿ ಮೇಲ್ ಮಾಡಿದಾಳೆ. 38,000ದ ಬಿಲ್ಲು ಅವರ ಹತ್ರ ಇರ್ಲೇ ಇಲ್ವಂತೆ, ಆರ್ಡರ್ ನಂಬರ್ ಇಲ್ಲ ಅಂತ ಸ್ಟೋರ್‌ನವರು ಫೈಲಲ್ಲೇ ಇಟ್ಟಿದ್ರಂತೆ. ನಂಬರ್ ಬರೆದು ಮತ್ತೆ ಕಳಿಸಿ, ಮುಂದಿನ ಸುತ್ತಿಗೆ ಹಾಕ್ತೀವಿ ಅಂದ್ಲು. ನಾಲ್ಕು ತಿಂಗಳು ನಾನು ಬೈಕೊಂಡಿದ್ದು ಒಂದು ನಂಬರ್‌ಗೆ! 48,000ದ ಬಗ್ಗೆ ಮಾತ್ರ ಒಂದಕ್ಷರ ಇಲ್ಲ.

ಬೆಟ್ಟದ ಮನೆ
ಅಕ್ಕ ಕಾಚಂಪುಳಿ ಬಾಟಲಿಗೆ ಎಷ್ಟು? ಕಪ್ಪಗಿರುತ್ತಾ ಇಲ್ಲ ನೀರು ನೀರಾ?

ಪಣಪುಳಿ ಅಕ್ಕ
ಸೌದೆ ಒಲೇಲಿ ಕಾಯಿಸಿದ್ದು ಅಣ್ಣ, ಡಾಂಬರು ಇದ್ದ ಹಾಗಿರುತ್ತೆ. ಇನ್‌ಬಾಕ್ಸಿಗೆ ಬನ್ನಿ. ಕ್ಯಾಶ್ ಮಾತ್ರ.

ಹಳೇ ಲೆಕ್ಕ
ಬೇರೆಯಾಯ್ತಲ್ಲ, ಒಳ್ಳೇದು. 38,000 ಕಾಗದದ ತೊಂದರೆ, 48,000 ಮನಸ್ಸಿನ ತೊಂದರೆ. ಆ ಹುಡುಗಿಗೆ ಥ್ಯಾಂಕ್ಸ್ ಹೇಳಿ, ನಂಬರ್ ಹಾಕಿ ಕಳಿಸಿ. ಎರಡನೇ ಕಾಗದ 48,000ಕ್ಕೆ ಮಾತ್ರ, ಹತ್ತು ದಿನ ಬಿಟ್ಟು:

"ಜೂನ್ 2ರ ಬಿಲ್ಲಿನ ರೂ. 48,000 ಬಗ್ಗೆ ಹಿಂದಿನ ಮೇಲ್‌ಗೆ ಉತ್ತರ ಬಂದಿಲ್ಲ. ನಮ್ಮ ಲೆಕ್ಕದ ಪ್ರತಿ ಲಗತ್ತಿಸಿದೆ. ಈ ಬಾಕಿ ತಮ್ಮ ಲೆಕ್ಕಕ್ಕೆ ತಾಳೆಯಾಗುತ್ತದೆಯೇ ಎಂದು ಕೆಳಗೆ ಸಹಿ ಮಾಡಿ ಕಳಿಸಿ. ತಾಳೆಯಾಗದಿದ್ದರೆ ಎಷ್ಟು ವ್ಯತ್ಯಾಸ, ಯಾಕೆ ಎಂದು ಬರೆಯಿರಿ. ನಮ್ಮ ಉದ್ಯಮ್ ನೋಂದಣಿ ಪ್ರಮಾಣಪತ್ರ ಇದರೊಂದಿಗಿದೆ. ಪಾವತಿಯ ದಿನಾಂಕವನ್ನು ಈ ತಿಂಗಳ 20ರೊಳಗೆ ತಿಳಿಸಿ."

ಸಹಿ ಮಾಡಿದ್ರೆ ಸೆಕ್ಷನ್ 18ರ ಕಾಗದ ನಿಮ್ಮ ಕೈಗೆ ಬಂತು. ತಕರಾರು ಬರೆದ್ರೆ ಅದು ಏನು ಅಂತ ಗೊತ್ತಾಯ್ತು. ಸುಮ್ಮನಿದ್ರೆ ಮೂರನೇ ಕಾಗದಕ್ಕೆ ಕಾರಣ ಸಿಕ್ತು.

ಗೋಣಿಕೊಪ್ಪ ಗಿರಿ
ಸಹಿ ಯಾರ್ ಮಾಡ್ತಾರೆ ಸರ್ ಈ ಕಾಲದಲ್ಲಿ. ವಾಟ್ಸಾಪಲ್ಲಿ "ಹೌದು ಬಾಕಿ ಇದೆ" ಅಂದ್ರೆ ಸಾಲ್ದಾ?

ಕೋರ್ಟ್ ರಸ್ತೆ
ಇದು ಜಗಳದ ವಿಷಯ. ಸಾಕ್ಷಿ ಅಂತ ಚಾಟ್ ಹಾಜರುಪಡಿಸಬಹುದು, ಅದಕ್ಕೊಂದು ಸರ್ಟಿಫಿಕೇಟ್ ಕೊಡಬೇಕು. ಆದ್ರೆ ಸೆಕ್ಷನ್ 18 ಕೇಳೋದು ಸಹಿ ಇರೋ ಬರಹ. ಚಾಟ್ ಸಹಿಗೆ ಸಮಾನ ಅಂತ ವಾದ ಮಾಡಬಹುದು, ಎದುರಿನವರೂ ಅಲ್ಲ ಅಂತ ವಾದ ಮಾಡ್ತಾರೆ. ನನ್ನ ಸೀನಿಯರ್ ಆಗುತ್ತೆ ಅಂತಾರೆ, ನಾನು ಒಪ್ಪಲ್ಲ, ಆಫೀಸಲ್ಲೇ ನಮಗೆ ಇತ್ಯರ್ಥ ಆಗಿಲ್ಲ. ಮೇಡಮ್, ಫೋನ್ ಬದಲಾಯಿಸಿದ್ರೂ ಹಳೇದು ಮಾರಬೇಡಿ.

ಪಣಪುಳಿ ಅಕ್ಕ
ಮತ್ತೊಂದು ಅಪ್‌ಡೇಟ್. 38,000 ನಿನ್ನೆ ಅಕೌಂಟಿಗೆ ಬಿತ್ತು. ಎರಡನೇ ಲೆಟರ್‌ಗೆ ಮ್ಯಾನೇಜರ್ ಉತ್ತರ ಹೀಗಿದೆ, "ಜೂನ್ ಮೊದಲ ವಾರದ ಮಾಲಿನಲ್ಲಿ ಕಾಫಿ ಪುಡಿಯ ಗುಣಮಟ್ಟ ಸರಿ ಇರಲಿಲ್ಲ, ಗೆಸ್ಟ್ ಕಂಪ್ಲೇಂಟ್ ಇತ್ತು, ಪೂರ್ತಿ ಹಣಕ್ಕೆ 30,000 ಕೊಟ್ಟು ಮುಗಿಸ್ತೀವಿ." ಓದಿ ಕೈ ನಡುಗ್ತು. ಐದು ತಿಂಗಳು ಒಂದು ಮಾತಿಲ್ಲ! ಅದಾದ್ಮೇಲೆ ಅದೇ ಪುಡಿ ಜೂನ್ 30ಕ್ಕೆ ಮತ್ತೆ ತರಿಸ್ಕೊಂಡಿದಾರೆ.

ನೇರ ಮಾತು
ಈಗ್ಲಾದ್ರೂ ಗ್ರೂಪಿಗೆ ಹಾಕಿ ಅಂದೆ ಅಲ್ವಾ.

ಹಳೇ ಲೆಕ್ಕ
ಬೇಡ. ಈ ಉತ್ತರ ನಿಮ್ಮ ಕೈಗೆ ಸಿಕ್ಕ ಒಳ್ಳೇ ಕಾಗದ ಮೇಡಮ್, ಸಿಟ್ಟಲ್ಲಿ ಅದನ್ನ ಹಾಳು ಮಾಡ್ಬೇಡಿ. ಮಾಲು ಸೇರ್ತು ಅಂತ ಒಪ್ಪಿದಾರೆ. ಆ ಕಾಯ್ದೇಲೇ ಇದೆ, ಮಾಲು ಸೇರಿ 15 ದಿನದೊಳಗೆ ಬರವಣಿಗೆಯಲ್ಲಿ ತಕರಾರು ಹೇಳದಿದ್ರೆ ಮಾಲು ಒಪ್ಪಿಕೊಂಡ ಹಾಗೆ. ಜೂನ್ 17ಕ್ಕೆ ಆ ಬಾಗಿಲು ಮುಚ್ಚಿದೆ. ಜೂನ್ 30ಕ್ಕೆ ಅದೇ ಪುಡಿ ತರಿಸಿದ್ದು ಅವರೇ ಬರೆದುಕೊಟ್ಟ ಸಾಕ್ಷಿ.

ಈಗ ಮೂರನೇದು, ಕೊನೇದು ಅಂತ ಬರೆಯೋದು ಇದೊಂದಕ್ಕೇ. ಮೇಲ್ ಜೊತೆಗೆ ಅಂಚೇಲೂ ಹೋಗಲಿ. 2025ರ ಸೆಪ್ಟೆಂಬರಿಂದ ರಿಜಿಸ್ಟರ್ಡ್ ಪೋಸ್ಟ್ ಅನ್ನೋದು ಸ್ಪೀಡ್ ಪೋಸ್ಟಲ್ಲೇ ಸೇರಿಹೋಗಿದೆ, ಅದಕ್ಕೆ ರಿಜಿಸ್ಟ್ರೇಷನ್ ಸೇರಿಸಿ, ತಲುಪಿದ್ದಕ್ಕೆ ಪುರಾವೆ ಬೇಕು ಅಂತ ಕೌಂಟರಲ್ಲಿ ಹೇಳಿ. ಕಂಪನಿಯ ನೋಂದಾಯಿತ ವಿಳಾಸಕ್ಕೊಂದು, ರೆಸಾರ್ಟ್ ವಿಳಾಸಕ್ಕೊಂದು.

"ಅಂತಿಮ ಸೂಚನೆ. ಜೂನ್ 2ರ ಬಿಲ್ ರೂ. 48,000. ಪಾವತಿಯ ಕೊನೆಯ ದಿನ ಜುಲೈ 2. ಮಾಲು ತಲುಪಿದ 15 ದಿನದೊಳಗೆ ಯಾವ ಲಿಖಿತ ಆಕ್ಷೇಪಣೆಯೂ ಬಂದಿಲ್ಲ. ಜೂನ್ 30ರಂದು ಅದೇ ಉತ್ಪನ್ನವನ್ನು ತಾವು ಮತ್ತೆ ಖರೀದಿಸಿ ಹಣ ಪಾವತಿಸಿದ್ದೀರಿ. ಆದ್ದರಿಂದ ರೂ. 30,000ದ ಪ್ರಸ್ತಾಪವನ್ನು ನಾನು ಒಪ್ಪುವುದಿಲ್ಲ. ಈ ಪತ್ರ ತಲುಪಿದ 15 ದಿನದೊಳಗೆ ಅಸಲು ಮತ್ತು ಜುಲೈ 2ರಿಂದ ಕಾಯ್ದೆಯ ಪ್ರಕಾರದ ಬಡ್ಡಿ ಬರದಿದ್ದರೆ ಮುಂದೆ ಸೂಚನೆ ಕೊಡದೆ ಫೆಸಿಲಿಟೇಷನ್ ಕೌನ್ಸಿಲ್‌ಗೆ ಅರ್ಜಿ ಸಲ್ಲಿಸುತ್ತೇನೆ."

ಪೊಲೀಸ್, ಪೇಪರ್, ಮಾನ ಮರ್ಯಾದೆ ಅಂತ ಒಂದು ಪದವೂ ಬೇಡ. ಮಾಡೋ ಕೆಲಸ ಒಂದೇ ಬರೀರಿ, ಹದಿನಾರನೇ ದಿನ ಬೆಳಿಗ್ಗೆ ಅದನ್ನ ಮಾಡಿ.

ಕೋರ್ಟ್ ರಸ್ತೆ
ಒಂದು ಸೇರಿಸ್ತೀನಿ. 30,000 ಸುಮ್ಮನೆ ಅಕೌಂಟಿಗೆ ಬಂದುಬಿಟ್ರೆ ಅವತ್ತೇ ಮೇಲ್ ಹಾಕಿ, "ಭಾಗಶಃ ಪಾವತಿ ಅಂತ ಜಮಾ ಮಾಡಿಕೊಂಡಿದ್ದೇನೆ, ಉಳಿದದ್ದು ಬಾಕಿ" ಅಂತ. ಪೂರ್ತಿ ಹಣ ಮುಟ್ಟಿತು ಅನ್ನೋ ರಸೀದಿಗೆ ಮಾತ್ರ ಸಹಿ ಬೇಡ.

ಗೋಣಿಕೊಪ್ಪ ಗಿರಿ
ಕೌನ್ಸಿಲ್ ಅಂದ್ರೆ ಬೆಂಗಳೂರಿಗೆ ಓಡಾಡ್ಬೇಕಾ? 18,000ದ ವ್ಯತ್ಯಾಸಕ್ಕೆ ಬಸ್ ಚಾರ್ಜ್, ರಜೆ ಎಲ್ಲ ಲೆಕ್ಕ ಹಾಕಿದ್ರೆ?

ಹಳೇ ಲೆಕ್ಕ
ಅರ್ಜಿ ಆನ್‌ಲೈನಲ್ಲೇ. ಮೊದಲು ರಾಜಿ ಮಾಡಿಸೋಕೆ ನೋಡ್ತಾರೆ, ಆಗದಿದ್ರೆ ಮಧ್ಯಸ್ಥಿಕೆ ತೀರ್ಪು. ಕಾಯ್ದೆ 90 ದಿನ ಅನ್ನುತ್ತೆ, ಅದನ್ನ ನಂಬ್ಕೊಂಡು ಬೀಜಕ್ಕೆ ಅಡ್ವಾನ್ಸ್ ಮಾತಾಡ್ಬೇಡಿ, ಜಾಸ್ತೀನೇ ಹಿಡಿಯುತ್ತೆ. ಆದ್ರೆ ತೀರ್ಪು ಬಂದ್ಮೇಲೆ ಅವರು ಕೋರ್ಟಿಗೆ ಹೋಗ್ಬೇಕಂದ್ರೆ ಮೊದಲು ಆ ಮೊತ್ತದ ನೂರಕ್ಕೆ 75 ಕಟ್ಟಬೇಕು. ಅದು ಗೊತ್ತಿರೋ ಆಡಿಟರ್ ಅಲ್ಲಿದ್ರೆ 15 ದಿನದೊಳಗೆ ಫೋನ್ ಬರುತ್ತೆ. ಇಲ್ಲದಿದ್ರೆ ಗಿರಿಯವರ ಲೆಕ್ಕ ತಪ್ಪಲ್ಲ, 40,000ಕ್ಕೆ ಕೇಳಿದ್ರೆ ನಾನಾದ್ರೂ ಒಂದು ಸಲ ಯೋಚನೆ ಮಾಡ್ತೀನಿ.

ಕುಶಾಲನಗರ ಪೈಪ್ಸ್
ನಾನು ಒಪ್ಪಲ್ಲ ಸಾರ್. ಒಂದು ಸಲ ಕಡಿಮೆ ಮಾಡಿದ್ರೆ ಮುಂದಿನ ಬಿಲ್ಲಿಗೂ ಗೆಸ್ಟ್ ಕಂಪ್ಲೇಂಟ್ ಬರುತ್ತೆ.

ಪಣಪುಳಿ ಅಕ್ಕ
ನಂಗೂ ಹಾಗೇ ಅನ್ಸುತ್ತೆ. ಇವತ್ತು ವಿರಾಜಪೇಟೆ ಪೋಸ್ಟ್ ಆಫೀಸಿಂದ ಎರಡೂ ವಿಳಾಸಕ್ಕೆ ಕಳಿಸ್ದೆ, ರಸೀದಿ ಫೋಟೋ ತೆಗೆದಿಟ್ಟೆ. ಕೌಂಟರಲ್ಲಿ ಇದ್ದವರು ಕವರ್ ಮೇಲೆ ರೆಸಾರ್ಟ್ ಹೆಸರು ನೋಡಿ "ನಿಮ್ಗೂ ಬಾಕೀನಾ ಮೇಡಮ್, ಹೋದ ವಾರ ತರಕಾರಿಯವ್ರೂ ಇದೇ ವಿಳಾಸಕ್ಕೆ ಹಾಕಿದ್ರು" ಅಂದ್ರು.

ಹಳೇ ಲೆಕ್ಕ
ಆ ತರಕಾರಿಯವರ ನಂಬರ್ ತಗೊಂಡ್ರಾ?

ಪಣಪುಳಿ ಅಕ್ಕ
ಇಲ್ಲ ಸರ್. ನಾಳೆ ಮತ್ತೆ ಹೋಗಿ ಕೇಳ್ತೀನಿ.